ಹಸಿರು ಚುಕ್ಕೆ ನೋಡಿದರೆ ಸಾಕೇ? ಹಾಲು-ತುಪ್ಪ ಬಿಟ್ಟವರ ಮೊದಲ ತಿಂಗಳ ಸಂತೆ

"ಪ್ಯಾಕೆಟ್ ಹಿಂದೆ E ಅಥವಾ INS ಅಂತ ನಂಬರ್ ಇದ್ದರೆ ಅದು ಹಂದಿ ಕೊಬ್ಬು, ಇದನ್ನು ಹತ್ತು ಜನರಿಗೆ ಕಳಿಸಿ" ಎನ್ನುವ ಸಂದೇಶ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರಬೇಕು. ಕೆಳಗೆ ಉದ್ದನೆಯ ಸಂಖ್ಯೆಗಳ ಪಟ್ಟಿ, ಕೊನೆಗೆ ಯಾರೋ ಡಾಕ್ಟರ ಹೆಸರು. ಹಾಲು, ಮೊಸರು, ತುಪ್ಪ, ಜೇನು, ಮೊಟ್ಟೆ, ಮಾಂಸ ಎಲ್ಲ ಬಿಟ್ಟು ಪೂರ್ತಿ ಸಸ್ಯಮೂಲದ ಆಹಾರಕ್ಕೆ, ಅಂದರೆ ಈಗ ಎಲ್ಲರೂ ವೀಗನ್ ಅನ್ನುವ ಆಹಾರಕ್ಕೆ, ಬದಲಾಗುತ್ತಿರುವವರು ಮೊದಲು ಹಿಡಿದುಕೊಳ್ಳುವುದು ಇದೇ ಪಟ್ಟಿಯನ್ನು. ತೊಂದರೆ ಏನೆಂದರೆ, ಈ ಪಟ್ಟಿ ಇಲ್ಲದ ಹಂದಿಯನ್ನು ತೋರಿಸುತ್ತದೆ, ಇರುವ ಹಾಲನ್ನು ಮುಚ್ಚಿಡುತ್ತದೆ. ನಮ್ಮ ಅಂಗಡಿಗಳ ಸಾಲಿನಲ್ಲಿ ಅಡಗಿರುವ ಪ್ರಾಣಿಮೂಲದ ಪದಾರ್ಥ ಹೆಚ್ಚಾಗಿ ಹಾಲಿನದ್ದೇ.

ಅಗಡಿಯಲ್ಲಿರುವ ಒಬ್ಬರನ್ನು ಊಹಿಸಿಕೊಳ್ಳಿ. ದಿನದ ಸಾಮಾನು ಊರ ಕಿರಾಣಿ ಅಂಗಡಿಯಲ್ಲಿ, ತಿಂಗಳ ಸಾಮಾನು ಹಾವೇರಿಯ ಪೇಟೆಯಲ್ಲಿ. ಮನೆಯಲ್ಲಿ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಮೊಸರನ್ನ. ಚಹಾ ದಿನಕ್ಕೆ ಮೂರು ಸಲ. ಇವರು ಮುಂದಿನ ತಿಂಗಳಿಂದ ಹಾಲು ಬಿಡುತ್ತೇನೆ ಅಂತ ತೀರ್ಮಾನ ಮಾಡಿದ್ದಾರೆ. ಏನು ಕೊಳ್ಳಬೇಕು, ಏನನ್ನು ಓದಬೇಕು?

ಹಸಿರು ಚುಕ್ಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಭಾರತದಲ್ಲಿ ಪ್ಯಾಕೆಟ್ ಆಹಾರದ ಮೇಲೆ ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಚೌಕದೊಳಗೆ ಕಂದು ಗುರುತು ಇದ್ದರೆ ಮಾಂಸಾಹಾರ. ಕಂದು ಗುರುತು ಮೊದಲು ದುಂಡಗಿತ್ತು, ಈಗ ತ್ರಿಕೋನ. ಬಣ್ಣ ಗುರುತಿಸಲು ಕಷ್ಟಪಡುವವರಿಗೂ ವ್ಯತ್ಯಾಸ ತಿಳಿಯಲಿ ಎಂದು ಆಕಾರ ಬದಲಾಯಿಸಿದರು.

ಆದರೆ ಈ ಗುರುತಿನ ಹಿಂದಿರುವ ಕಾನೂನಿನ ವ್ಯಾಖ್ಯೆ ಓದಿದರೆ ವಿಷಯ ಸ್ಪಷ್ಟವಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ಲೇಬಲ್ ನಿಯಮದ ಪ್ರಕಾರ ಪ್ರಾಣಿ, ಪಕ್ಷಿ, ಕೀಟ, ಮೀನು, ಮೊಟ್ಟೆ ಅಥವಾ ಪ್ರಾಣಿಮೂಲದ ಯಾವುದೇ ವಸ್ತು ಇದ್ದರೆ ಅದು ಮಾಂಸಾಹಾರ. ಇದಕ್ಕೆ ಕೆಲವು ವಿನಾಯಿತಿಗಳಿವೆ: ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಕಾರ್ನೌಬಾ ಮೇಣ ಮತ್ತು ಅರಗು. ಇವುಗಳಲ್ಲಿ ಕಾರ್ನೌಬಾ ತಾಳೆ ಜಾತಿಯ ಒಂದು ಮರದ ಎಲೆಯಿಂದ ಬರುತ್ತದೆ, ಅದರ ಚಿಂತೆ ಬೇಡ. ಉಳಿದವೆಲ್ಲ ಪ್ರಾಣಿ ಅಥವಾ ಕೀಟದಿಂದ ಬಂದವೇ, ಆದರೂ ಹಸಿರು ಚುಕ್ಕೆಯ ಕೆಳಗೆ ಬರಬಹುದು.

ಇದು ಮೋಸವಲ್ಲ. ನಮ್ಮ ಕಡೆ "ಸಸ್ಯಾಹಾರಿ" ಅಂದರೆ ಹಾಲು-ತುಪ್ಪ ತಿನ್ನುವವರು ಅಂತಲೇ ಅರ್ಥ. ಕಾನೂನು ಆ ಬಳಕೆಯನ್ನೇ ಬರೆದುಕೊಂಡಿದೆ. ಆದ್ದರಿಂದ ಹಸಿರು ಚುಕ್ಕೆ ಒಂದು ಜರಡಿ ಇದ್ದ ಹಾಗೆ. ಮಾಂಸ, ಮೀನು, ಮೊಟ್ಟೆ, ಜಿಲೆಟಿನ್, ಕೊಬ್ಬು ಇವೆಲ್ಲ ಆ ಜರಡಿಯಲ್ಲೇ ನಿಲ್ಲುತ್ತವೆ. ಹಾಲು, ಜೇನು, ಅರಗು ಕೆಳಗಿಳಿಯುತ್ತವೆ. ನೀವು ಹುಡುಕಬೇಕಾಗಿರುವುದು ಕೆಳಗಿಳಿದ ಈ ಮೂರನ್ನು ಮಾತ್ರ. ಕೆಲಸ ಎಷ್ಟು ಕಡಿಮೆಯಾಯಿತು ನೋಡಿ.

ಹಾಗಾದರೆ ಆ 631, 471?

ಫಾರ್ವರ್ಡ್‌ಗಳಲ್ಲಿ ಅತಿ ಹೆಚ್ಚು ಬಯ್ಸಿಕೊಂಡ ಸಂಖ್ಯೆ 631. ಚಿಪ್ಸ್, ನೂಡಲ್ಸ್ ಮಸಾಲೆಯಲ್ಲಿ ಕಾಣುತ್ತದೆ, ರುಚಿ ಹೆಚ್ಚಿಸುವ ಪದಾರ್ಥ. ಹೆಸರು ಡೈಸೋಡಿಯಂ ಇನೋಸಿನೇಟ್. ಇದನ್ನು ಮಾಂಸ ಅಥವಾ ಮೀನಿನಿಂದ ತೆಗೆಯಬಹುದು ಎನ್ನುವುದು ನಿಜ. ಮರಗೆಣಸಿನಂಥ ಪಿಷ್ಟವನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿಯೂ ತಯಾರಿಸಬಹುದು ಎನ್ನುವುದೂ ಅಷ್ಟೇ ನಿಜ. ಸಂಖ್ಯೆ ಎರಡಕ್ಕೂ ಒಂದೇ. ಅಂದರೆ ಸಂಖ್ಯೆ ಅದು ಯಾವ ರಾಸಾಯನಿಕ ಎಂದು ಹೇಳುತ್ತದೆಯೇ ಹೊರತು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. 471 ಕೂಡ ಹೀಗೆಯೇ. ಬ್ರೆಡ್ಡು, ಐಸ್‌ಕ್ರೀಮಿನಲ್ಲಿ ಎಣ್ಣೆ-ನೀರು ಬೇರೆಯಾಗದಂತೆ ಹಿಡಿದಿಡುವ ಈ ಪದಾರ್ಥ ತಾಳೆ ಎಣ್ಣೆಯಿಂದಲೂ ಬರಬಹುದು, ಪ್ರಾಣಿ ಕೊಬ್ಬಿನಿಂದಲೂ ಬರಬಹುದು.

ಇಲ್ಲಿ ಚುಕ್ಕೆ ಕೆಲಸಕ್ಕೆ ಬರುತ್ತದೆ. ಪ್ರಾಣಿ ಕೊಬ್ಬಿನ 471 ಅಥವಾ ಮೀನಿನ 631 ಹಾಕಿದರೆ ಆ ಪ್ಯಾಕೆಟ್ ಮೇಲೆ ಹಸಿರು ಗುರುತು ಹಾಕುವಂತಿಲ್ಲ, ಅದು ಕಾನೂನುಬಾಹಿರ. ಈ ಪ್ರಶ್ನೆ ಕೋರ್ಟಿಗೂ ಹೋಗಿತ್ತು. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, 631ನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಪದಾರ್ಥ ಎಷ್ಟೇ ಅಲ್ಪವಿದ್ದರೂ ಅದರ ಮೂಲ ಪ್ರಾಣಿಯೇ, ಸಸ್ಯವೇ, ಪ್ರಯೋಗಾಲಯವೇ ಎಂದು ಕಂಪನಿಗಳು ಹೇಳಬೇಕು, ಬರೀ ಸಂಖ್ಯೆ ಬರೆದು ಕೈ ತೊಳೆದುಕೊಳ್ಳುವಂತಿಲ್ಲ ಎಂದು ಆದೇಶಿಸಿತು. ಎಲ್ಲ ಪ್ಯಾಕೆಟ್‌ಗಳಲ್ಲೂ ಇನ್ನೂ ಅಷ್ಟು ವಿವರ ಕಾಣುವುದಿಲ್ಲ. ಆದರೂ ಇಲ್ಲಿ ತಯಾರಾದ ಹಸಿರು ಚುಕ್ಕೆಯ ಪ್ಯಾಕೆಟ್ಟಿನಲ್ಲಿ 631 ಕಂಡರೆ ಹಂದಿ ಎಂದು ಗಾಬರಿಯಾಗಲು ಕಾರಣವಿಲ್ಲ. ವಿದೇಶದಿಂದ ಬಂಧುಗಳು ತಂದುಕೊಟ್ಟ, ಚುಕ್ಕೆಯೇ ಇಲ್ಲದ ಪ್ಯಾಕೆಟ್ ಆದರೆ ಮಾತು ಬೇರೆ. ಅಲ್ಲಿ ಅನುಮಾನ ಪಡಬಹುದು.

ಇನ್ನು "ಎಲ್ಲ ಸಂಖ್ಯೆಗಳೂ ಪ್ರಾಣಿಯವು" ಎನ್ನುವುದಂತೂ ಶುದ್ಧ ಸುಳ್ಳು. ಆ ಪಟ್ಟಿಗಳಲ್ಲಿ 100 ಕೂಡ ಇರುತ್ತದೆ. 100 ಅಂದರೆ ಅರಿಶಿನದ ಬಣ್ಣ. 300 ಅಂದರೆ ವಿಟಮಿನ್ ಸಿ. 330 ಅಂದರೆ ನಿಂಬೆಹುಳಿ.

ಕೆಂಪು ಬಣ್ಣದ ಕತೆ ನಮ್ಮ ಜಿಲ್ಲೆಯವರಿಗೆ ವಿಶೇಷ. 120 ಅನ್ನುವ ಕೆಂಪು ಕಾರ್ಮೈನ್, ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಒಂದು ಕೀಟವನ್ನು ಒಣಗಿಸಿ ಪುಡಿಮಾಡಿ ತೆಗೆದದ್ದು. 160c ಅನ್ನುವ ಕೆಂಪು ಮೆಣಸಿನಕಾಯಿಯಿಂದ ತೆಗೆದ ಸಾರ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ಕಂಪನಿಗಳು ಕೊಳ್ಳುವುದೇ ಮುಖ್ಯವಾಗಿ ಈ ಬಣ್ಣದ ಸಾರಕ್ಕಾಗಿ. ಹೀಗಾಗಿ ಒಂದೇ ಅಂಗಡಿಯ ಎರಡು ಕೆಂಪು ತಿನಿಸುಗಳಲ್ಲಿ ಒಂದರದ್ದು ಕೀಟದ ಬಣ್ಣ, ಇನ್ನೊಂದರದ್ದು ಬ್ಯಾಡಗಿ ಮಾರ್ಕೆಟ್ಟಿನಿಂದಲೇ ಹೋಗಿ ತಿರುಗಿ ಬಂದ ಬಣ್ಣ ಆಗಿರಬಹುದು. "ಸಂಖ್ಯೆ ಇದೆ" ಎಂಬ ಒಂದೇ ಕಾರಣಕ್ಕೆ ಎರಡನ್ನೂ ಬಿಸಾಡಿದರೆ ನಷ್ಟ ಯಾರಿಗೆ?

ಕೀಟದಿಂದ ಬರುವ 120ಕ್ಕೆ ಹಸಿರು ಚುಕ್ಕೆ ಸಿಗುವುದಿಲ್ಲ, ಆದರೆ ಕೀಟದ ಸ್ರಾವವಾದ ಅರಗಿಗೆ, ಅಂದರೆ 904ಕ್ಕೆ, ಸಿಗುತ್ತದೆ. ಕಾನೂನಿನ ಈ ತರ್ಕ ವಿಚಿತ್ರವೇ. ಮಿಂಚುವ ಬಣ್ಣದ ಗುಂಡು ಮಿಠಾಯಿಗಳು, ಹೊಳಪು ಲೇಪದ ಚಾಕಲೇಟ್ ಗುಳಿಗೆಗಳು, ಮೇಣ ಸವರಿದ ಸೇಬು ಇವುಗಳಲ್ಲಿ 904 (ಅರಗು) ಮತ್ತು 901 (ಜೇನುಮೇಣ) ಇರಬಹುದು. ನೆನಪಿಡಬೇಕಾದ ಸಂಖ್ಯೆಗಳು ಈ ಎರಡೇ. ಇವನ್ನು ಬಿಟ್ಟರೆ ನಿಮ್ಮ ಪ್ಯಾಕೆಟ್ಟಿನ ಸಂಖ್ಯೆಗಳನ್ನು ಮರೆತು ಅಕ್ಷರಗಳ ಕಡೆಗೆ ಬನ್ನಿ.

ಓದಬೇಕಾದದ್ದು ಒಂದೇ ಸಾಲು

ಪದಾರ್ಥಗಳ ಪಟ್ಟಿ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಅದನ್ನೆಲ್ಲ ಓದುವ ಮೊದಲು ಆ ಪಟ್ಟಿಯ ಕೆಳಗೆ ಅಥವಾ ಪಕ್ಕದಲ್ಲಿ "ಕಂಟೇನ್ಸ್" ಎಂದು ಶುರುವಾಗುವ, ಹೆಚ್ಚಾಗಿ ದಪ್ಪ ಅಕ್ಷರದ ಸಾಲು ಹುಡುಕಿ. ಅದು ಅಲರ್ಜಿ ಇರುವವರಿಗಾಗಿ ಹಾಕುವ ಎಚ್ಚರಿಕೆ. ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿ, ಶೇಂಗಾ, ಗೋಡಂಬಿ-ಬಾದಾಮಿ, ಸೋಯಾ ಇವು ಇದ್ದರೆ ಪ್ರತ್ಯೇಕವಾಗಿ ಹೇಳಲೇಬೇಕು ಎಂದು 2020ರ ನಿಯಮ ಹೇಳುತ್ತದೆ. ಆ ಸಾಲಿನಲ್ಲಿ "ಮಿಲ್ಕ್" ಎಂದಿದ್ದರೆ ಪ್ಯಾಕೆಟ್ ಕೆಳಗಿಡಿ, ಮುಗಿಯಿತು. ಎಂ, ಐ, ಎಲ್, ಕೆ ಎಂಬ ನಾಲ್ಕು ಅಕ್ಷರ ಗುರುತಿಸಲು ಬಂದರೆ ಇಂಗ್ಲಿಷ್ ಬಾರದ ಅಜ್ಜಿಯೂ ಈ ಕೆಲಸ ಮಾಡಬಹುದು.

ಈ ಸಾಲು ಪದಾರ್ಥಗಳ ಪಟ್ಟಿಗಿಂತ ಮೇಲು ಎನ್ನಲು ಒಂದು ಕಾರಣವಿದೆ. ಚಿಪ್ಸ್ ಪ್ಯಾಕೆಟ್ಟಿನ ಪಟ್ಟಿಯಲ್ಲಿ "ಆಲೂಗಡ್ಡೆ, ಎಣ್ಣೆ, ಮಸಾಲೆ ಮಿಶ್ರಣ" ಎಂದಿರುತ್ತದೆ. ಮಸಾಲೆ ಮಿಶ್ರಣ ಎನ್ನುವುದು ತಾನೇ ಹತ್ತು ಪದಾರ್ಥಗಳ ಮಿಶ್ರಣ. ಇಂಥ ಮಿಶ್ರಣ ಒಟ್ಟು ತೂಕದ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಅದರೊಳಗಿನ ಎಲ್ಲ ಪದಾರ್ಥಗಳನ್ನು ಬಿಡಿಸಿ ಬರೆಯಬೇಕಾಗಿಲ್ಲ ಎಂಬ ರಿಯಾಯಿತಿ ನಿಯಮದಲ್ಲಿದೆ. ಆದರೆ ಅಲರ್ಜಿ ತರುವ ಪದಾರ್ಥಕ್ಕೆ ಆ ರಿಯಾಯಿತಿ ಇಲ್ಲ. ಹಾಗಾಗಿ ಮಸಾಲೆಯಲ್ಲಿ ಬೆರೆಸಿದ ಚಿಟಿಕೆ ಹಾಲಿನ ಪುಡಿ ಪಟ್ಟಿಯಲ್ಲಿ ಕಾಣದಿದ್ದರೂ "ಕಂಟೇನ್ಸ್" ಸಾಲಿನಲ್ಲಿ ಕಾಣಬೇಕು.

"ಮೇ ಕಂಟೇನ್ ಮಿಲ್ಕ್" ಎಂದಿದ್ದರೆ ಅದು ಬೇರೆ ಮಾತು. ಅದೇ ಯಂತ್ರದಲ್ಲಿ ಹಾಲಿನ ತಿನಿಸನ್ನೂ ಮಾಡುತ್ತಾರೆ, ಸ್ವಲ್ಪ ಸೋಕಿರಬಹುದು ಎಂದರ್ಥ. ಹಾಲಿನ ಅಲರ್ಜಿ ಇರುವವರಿಗೆ ಅದು ಅಪಾಯ. ಆಯ್ಕೆಯಿಂದ ಹಾಲು ಬಿಟ್ಟವರಿಗೆ ಅದು ಪದಾರ್ಥವಲ್ಲ. ಅವರವರ ಇಷ್ಟ.

ಈ ಸಾಲು ತೋರಿಸದಿರುವುದು ಜೇನು, ಜೇನುಮೇಣ ಮತ್ತು ಅರಗು, ಏಕೆಂದರೆ ಅವು ಅಲರ್ಜಿ ಪಟ್ಟಿಯಲ್ಲಿಲ್ಲ. ಅವಕ್ಕೆ ಮಾತ್ರ ಪಟ್ಟಿ ಓದಬೇಕು.

ಮೊದಲ ವಾರ: ಹೊಸದೇನೂ ಕೊಳ್ಳಬೇಡಿ

ನಮ್ಮ ಸಲಹೆ, ಮೊದಲ ವಾರ ಮನೆಯಲ್ಲಿರುವ ಡಬ್ಬಿ, ಪ್ಯಾಕೆಟ್‌ಗಳನ್ನೇ ಹೊರಗೆ ತೆಗೆದು ಓದಿ. ಅಗಡಿಯ ಆ ಮನೆಯಲ್ಲಿ ಏನು ಸಿಗಬಹುದು?

ಜೋಳದ ಹಿಟ್ಟು, ಅಕ್ಕಿ, ಬೇಳೆ, ಕಾಳು, ಶೇಂಗಾ, ಪುಟಾಣಿ, ಅವಲಕ್ಕಿ, ಮಂಡಕ್ಕಿ, ಬೆಲ್ಲ, ಎಣ್ಣೆ, ಸಾಂಬಾರ ಪುಡಿ ಇವುಗಳಿಗೆ ತೊಂದರೆ ಇಲ್ಲ. ಅಡುಗೆ ಮನೆಯ ಮುಕ್ಕಾಲು ಭಾಗ ಮೊದಲೇ ಸಸ್ಯಮೂಲದ್ದು. ಸಕ್ಕರೆಯನ್ನು ಮೂಳೆ ಇದ್ದಿಲಿನಿಂದ ಬಿಳುಪು ಮಾಡುತ್ತಾರೆ ಎನ್ನುವ ಫಾರ್ವರ್ಡ್ ಕೆಲವು ಹೊರದೇಶಗಳ ಸಂಸ್ಕರಣಾ ಘಟಕಗಳಿಗೆ ಸಂಬಂಧಿಸಿದ್ದು. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಸುಣ್ಣ ಮತ್ತು ಗಂಧಕದ ಹೊಗೆಯ ಪದ್ಧತಿ.

ತೊಂದರೆ ಇರುವುದು ಚಹಾದ ಜೊತೆ ತಿನ್ನುವ ತಿನಿಸಿನಲ್ಲಿ. ಒಂದು ಸಾಮಾನ್ಯ ಟೋಸ್ಟ್ ಪ್ಯಾಕೆಟ್ ಹಿಡಿಯಿರಿ. ಮುಂದೆ ಹಸಿರು ಚುಕ್ಕೆ, ಗೋಧಿ ತೆನೆಯ ಚಿತ್ರ, ಏಲಕ್ಕಿ. ಹಿಂದೆ ಪಟ್ಟಿ ಹೀಗೆ ಹೋಗುತ್ತದೆ: ಮೈದಾ, ಸಕ್ಕರೆ, ತಾಳೆ ಎಣ್ಣೆ, ರವೆ, ಯೀಸ್ಟ್, ಮಿಲ್ಕ್ ಸಾಲಿಡ್ಸ್, ಉಪ್ಪು, 471, ಏಲಕ್ಕಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಆದ್ದರಿಂದ ಹಾಲಿನ ಪುಡಿ ಇಲ್ಲಿ ಸ್ವಲ್ಪವೇ ಇದೆ ಎಂದು ಗೊತ್ತಾಗುತ್ತದೆ. ಸ್ವಲ್ಪವಾದರೂ ಇದೆ. ಫಾರ್ವರ್ಡ್ ಓದಿದವರ ಕಣ್ಣು 471ರ ಮೇಲೆ ನಿಲ್ಲುತ್ತದೆ, ಅದರ ಮೂರು ಪದ ಹಿಂದಿರುವ ಹಾಲು ದಾಟಿಹೋಗುತ್ತದೆ. ಬಹಳಷ್ಟು ಬಿಸ್ಕೆಟ್, ಬನ್ನು, ಮಾಲ್ಟ್ ಪುಡಿಗಳದ್ದೂ ಇದೇ ಕತೆ.

ಹಾಲಿಗೆ ಲೇಬಲ್ ಮೇಲೆ ಇರುವ ಬೇರೆ ಹೆಸರುಗಳನ್ನು ತಿಳಿದಿದ್ದರೆ ಒಳ್ಳೆಯದು. ವ್ಹೇ ಅಂದರೆ ಹಾಲು ಒಡೆಸಿದಾಗ ಉಳಿಯುವ ತಿಳಿನೀರು, ಅದನ್ನೇ ಒಣಗಿಸಿ ಪುಡಿ ಮಾಡುತ್ತಾರೆ. ಜಿಮ್ಮಿಗೆ ಹೋಗುವ ಹುಡುಗರ ಪ್ರೋಟೀನ್ ಡಬ್ಬಿಯಲ್ಲಿ ಹೆಚ್ಚಾಗಿ ಇರುವುದು ಅದೇ. ಕೇಸಿನ್, ಕೇಸಿನೇಟ್ ಅಂದರೆ ಹಾಲು ಒಡೆದಾಗ ಗಟ್ಟಿಯಾಗುವ ಭಾಗದ ಪ್ರೋಟೀನ್. ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಬಟರ್ ಆಯಿಲ್, ಮಿಲ್ಕ್ ಫ್ಯಾಟ್ ಅಂದರೆ ತುಪ್ಪದ ಅಣ್ಣತಮ್ಮಂದಿರು. ಕಪ್ಪು ಚಾಕಲೇಟಿನಲ್ಲೂ ಕಾಣುತ್ತವೆ.

ಎರಡು ಹೆಸರುಗಳು ಜನರನ್ನು ದಾರಿ ತಪ್ಪಿಸುತ್ತವೆ. ಒಂದು "ನಾನ್-ಡೈರಿ" ಎಂಬ ಚಹಾ-ಕಾಫಿ ಬಿಳುಪಿನ ಪುಡಿ. ಮುಖ್ಯವಾಗಿ ಎಣ್ಣೆ ಮತ್ತು ಸಕ್ಕರೆಯಂಥ ಪದಾರ್ಥದಿಂದ ಮಾಡಿದರೂ ಅದರಲ್ಲಿ ಸೋಡಿಯಂ ಕೇಸಿನೇಟ್ ಇರುವುದು ಸಾಮಾನ್ಯ. ಮುಂದೆ ಹಾಲಿಲ್ಲ ಅನ್ನುತ್ತದೆ, ಹಿಂದೆ ಹಾಲಿದೆ ಅನ್ನುತ್ತದೆ. ಇನ್ನೊಂದು "ಲ್ಯಾಕ್ಟೋಸ್ ಫ್ರೀ" ಹಾಲು. ಅದು ಹಾಲೇ, ಸಕ್ಕರೆ ಅಂಶವನ್ನು ಮೊದಲೇ ಒಡೆದಿರುತ್ತಾರೆ ಅಷ್ಟೇ. ಇದಕ್ಕೆ ಉಲ್ಟಾ ಪ್ರಕರಣವೂ ಇದೆ. "ಬಟರ್ ಫ್ಲೇವರ್" ಎಂದು ಬರೆದ ಎಷ್ಟೋ ತಿನಿಸುಗಳಲ್ಲಿ ಬೆಣ್ಣೆ ಇರುವುದೇ ಇಲ್ಲ, ವಾಸನೆ ಮಾತ್ರ. ಅಲ್ಲಿಯೂ "ಕಂಟೇನ್ಸ್" ಸಾಲೇ ತೀರ್ಪು.

ವೀಗನ್ ಗುರುತು ಮತ್ತು ಹಾಲಲ್ಲದ ಹಾಲು

ಹಾವೇರಿ, ರಾಣೆಬೆನ್ನೂರಿನ ದೊಡ್ಡ ಅಂಗಡಿಗೆ ಹೋದರೆ ಕೆಲವು ಪ್ಯಾಕೆಟ್‌ಗಳ ಮೇಲೆ ಹಸಿರು "V", ಅದಕ್ಕೊಂದು ಎಲೆ ಇರುವ ಗುರುತು ಸಿಗಬಹುದು. 2022ರ ವೀಗನ್ ಆಹಾರ ನಿಯಮದ ಪ್ರಕಾರ ಕೊಡುವ ಗುರುತು ಅದು. ಹಾಲು, ಜೇನು ಸೇರಿ ಪ್ರಾಣಿಮೂಲದ ಯಾವುದನ್ನೂ ಬಳಸಿಲ್ಲ ಎಂಬುದು ಅದರ ಅರ್ಥ. ನಂಬಬಹುದು. ಆದರೆ ಆ ಗುರುತು ಇಲ್ಲದ್ದೆಲ್ಲ ಬಿಡಬೇಕಾದದ್ದಲ್ಲ. ಗುರುತು ಬೇಕೆಂದರೆ ಕಂಪನಿ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ತೊಗರಿಬೇಳೆ ಚೀಲದವನು ಏಕೆ ಆ ಕಷ್ಟಕ್ಕೆ ಹೋಗುತ್ತಾನೆ?

ಸೋಯಾ, ಬಾದಾಮಿ, ಓಟ್ಸ್ ಪೆಟ್ಟಿಗೆಗಳ ಮೇಲೆ "ಹಾಲು" ಎಂಬ ಪದ ಕಾಣದೆ "ಬೆವರೇಜ್" ಅಥವಾ "ಡ್ರಿಂಕ್" ಎಂದಿರುವುದಕ್ಕೂ ಕಾರಣವಿದೆ. ಪ್ರಾಣಿಯ ಹಾಲಲ್ಲದ್ದನ್ನು ಹಾಲು ಎಂದು ಮಾರಬಾರದು ಎಂದು ಪ್ರಾಧಿಕಾರ 2021ರಲ್ಲಿ ತಾಕೀತು ಮಾಡಿತು. ತೆಂಗಿನ ಹಾಲಿನಂಥ ರೂಢಿಯ ಹೆಸರುಗಳಿಗೆ ತೊಂದರೆ ಇಲ್ಲ.

ಇಷ್ಟಕ್ಕೂ ಆ ಪೆಟ್ಟಿಗೆಗಳು ಬೇಕೇ ಬೇಕು ಅಂತಿಲ್ಲ. ಕುಸುಬಿಯನ್ನು ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿನಲ್ಲಿ ಹುಗ್ಗಿ ಮಾಡುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಗಸಗಸೆ, ಕೊಬ್ಬರಿ ಹಾಲು ಕೂಡ ಮನೆಯಲ್ಲೇ ಆಗುತ್ತವೆ. ಶೇಂಗಾ ನೆನೆಸಿ ರುಬ್ಬಿ ಸೋಸಿದ ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವವರೂ ಇದ್ದಾರೆ. ಆದರೆ ರುಚಿಗೆ ಹಾಲಿನ ಬದಲು ಇವು ಆಗುತ್ತವೆಯೇ ಹೊರತು ಪೋಷಣೆಗಲ್ಲ. ಕ್ಯಾಲ್ಸಿಯಂ, ಬಿ-12 ಬೆರೆಸಿರದ ಯಾವ ಗಿಡದ ಹಾಲೂ ಎಮ್ಮೆ-ಆಕಳ ಹಾಲಿಗೆ ಸಮ ಅಲ್ಲ.

ಎರಡನೇ ವಾರದ ಚೀಟಿ: ಅರ್ಧ ಲೀಟರ್ ಹಾಲಿನ ಜಾಗಕ್ಕೆ ಏನು?

ಹೆಚ್ಚಿನವರು ಎಡವುವುದು ಇಲ್ಲಿ. ಹಾಲು ತೆಗೆದರು, ಅದರ ಜಾಗಕ್ಕೆ ಏನನ್ನೂ ಇಡಲಿಲ್ಲ, ಅನ್ನ-ಸಾರು ಜಾಸ್ತಿ ಮಾಡಿಕೊಂಡರು. ತಿಂಗಳೊಳಗೆ ಹಸಿವು, ಸುಸ್ತು, "ಇದು ನಮಗಲ್ಲ" ಎಂಬ ಮಾತು.

ಅರ್ಧ ಲೀಟರ್ ಆಕಳ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನ್, 600 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಒಂದೂವರೆ-ಎರಡು ಮೈಕ್ರೋಗ್ರಾಂ ಬಿ-12 ಇರುತ್ತದೆ. ಪ್ರೋಟೀನ್ ತುಂಬುವುದು ಸುಲಭ. ದಿನಕ್ಕೆ ಒಂದು ಹಿಡಿ ಅಂದರೆ 30 ಗ್ರಾಂ ಶೇಂಗಾ, ಮತ್ತು ಈಗ ತಿನ್ನುವುದಕ್ಕಿಂತ 45 ಗ್ರಾಂ ಹೆಚ್ಚು ಕಾಳು-ಬೇಳೆ ತಿಂದರೆ ಸರಿಹೋಯಿತು. ತಿಂಗಳ ಚೀಟಿಯಲ್ಲಿ ಇದು ಒಬ್ಬರಿಗೆ 1 ಕಿಲೋ ಶೇಂಗಾ, ಒಂದೂವರೆ ಕಿಲೋ ಹೆಚ್ಚುವರಿ ಹೆಸರು, ಮಡಕಿ, ಕಡಲೆ, ಅಲಸಂದಿ. ಮಡಕಿ ಮೊಳಕೆ ಪಲ್ಯ, ಝುಣಕ, ಶೇಂಗಾ ಚಟ್ನಿ ಇವೆಲ್ಲ ಇಲ್ಲಿ ಹೊಸ ಅಡುಗೆಗಳಲ್ಲ. ದುಬಾರಿ ಪ್ರೋಟೀನ್ ಡಬ್ಬಿಯ ಅವಶ್ಯಕತೆ ಇಲ್ಲ.

ಕ್ಯಾಲ್ಸಿಯಂ ಅಷ್ಟು ಸುಲಭವಲ್ಲ. ನಮ್ಮದು ಜೋಳದ ನಾಡು, ಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ದಿನಕ್ಕೆ 80 ಗ್ರಾಂ ರಾಗಿ ಅಂದರೆ ಒಂದು ಹೊತ್ತಿನ ಅಂಬಲಿ ಮತ್ತು ಒಂದು ರಾಗಿ ರೊಟ್ಟಿ. ತಿಂಗಳಿಗೆ ಎರಡೂವರೆ ಕಿಲೋ. ಇದರಿಂದ 280 ಬಂತು. ಒಂದು ದೊಡ್ಡ ಚಮಚ ಎಳ್ಳಿನ ಚಟ್ನಿಪುಡಿ ಮತ್ತು ವಾರಕ್ಕೆ ನಾಲ್ಕೈದು ಸಲ ಸೊಪ್ಪಿನ ಪಲ್ಯ ಉಳಿದದ್ದನ್ನು ತುಂಬಬೇಕು. ಸೊಪ್ಪಿನಲ್ಲಿ ನುಗ್ಗೆ ಒಳ್ಳೆಯದು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರ ಆಕ್ಸಲೇಟ್ ಅದನ್ನು ಕಟ್ಟಿಹಾಕುತ್ತದೆ, ದೇಹಕ್ಕೆ ಸಿಗುವುದು ಕಡಿಮೆ. ಎಳ್ಳಿನದ್ದೂ ಪೂರ್ತಿ ಸಿಗುವುದಿಲ್ಲ. ಅದಕ್ಕೇ ಒಂದೇ ಪದಾರ್ಥದ ಮೇಲೆ ಭಾರ ಹಾಕಬಾರದು.

ಬಿ-12: ಸಂತೆಯಲ್ಲಿ ಸಿಗದ ಒಂದೇ ಪದಾರ್ಥ

ನುಗ್ಗೆ ಸೊಪ್ಪಿನಲ್ಲಿ ಬಿ-12 ಇದೆ, ಇಡ್ಲಿ ಹಿಟ್ಟಿನ ಹುಳಿಯಲ್ಲಿ ಇದೆ, ಮಣ್ಣು ತೊಳೆಯದ ಗಜ್ಜರಿಯಲ್ಲಿ ಇದೆ, ಸ್ಪಿರುಲಿನಾದಲ್ಲಿ ಬೇಕಾದಷ್ಟಿದೆ ಎನ್ನುವ ಸಂದೇಶಗಳನ್ನು ನಂಬಬೇಡಿ. ಬಿ-12 ಮಾಡುವುದು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ. ಗಿಡಗಳಿಗೆ ಅದು ಬೇಡ, ಅವು ಅದನ್ನು ಮಾಡುವುದಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಿನಂಶ ಬಿ-12ನ ಹೋಲಿಕೆಯ ವಸ್ತು, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ್ದು.

ಪಡಿತರದ ಅಕ್ಕಿಯ ವಿಷಯವೊಂದಿದೆ. "ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್" ಎಂದು ವಿಡಿಯೊ ಹರಿದಾಡಿತಲ್ಲ, ಅಲ್ಲಿ ತೋರಿಸಿದ ಬೇರೆ ಬಣ್ಣದ, ನೀರಿನಲ್ಲಿ ತೇಲುವ ಕಾಳುಗಳು ಸಾಮಾನ್ಯವಾಗಿ ಸಾರವರ್ಧಿತ ಅಕ್ಕಿಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಹಾಲು ಬಿಟ್ಟವರು ಅದನ್ನು ಆರಿಸಿ ಎಸೆಯಬಾರದು. ಆದರೆ ಅದನ್ನೇ ನಂಬಿಕೊಳ್ಳುವ ಹಾಗೂ ಇಲ್ಲ. ನಿಗದಿತ ಪ್ರಮಾಣ ಒಂದು ಕಿಲೋ ಅಕ್ಕಿಗೆ 0.75ರಿಂದ 1.25 ಮೈಕ್ರೋಗ್ರಾಂ ಬಿ-12. ದಿನಕ್ಕೆ 150 ಗ್ರಾಂ ಅಕ್ಕಿ ಉಂಡರೆ ಸಿಗುವುದು ಹೆಚ್ಚೆಂದರೆ 0.19. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2.2 ಮೈಕ್ರೋಗ್ರಾಂ. ಹತ್ತನೇ ಒಂದು ಭಾಗವೂ ಆಗಲಿಲ್ಲ.

ಹಾಗಾಗಿ ಮೊದಲ ತಿಂಗಳ ಚೀಟಿಯಲ್ಲೇ ಬಿ-12 ಮಾತ್ರೆ ಸೇರಿಸಬೇಕು. ಬ್ರಿಟನ್ನಿನ ವೀಗನ್ ಸೊಸೈಟಿ ಹೇಳುವ ಅಳತೆ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಅಥವಾ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ. ಬೇಕಾದ 2.2ಕ್ಕಿಂತ ಇಷ್ಟು ಹೆಚ್ಚು ಏಕೆ ಅಂದರೆ, ಒಂದೇ ಸಲ ನುಂಗಿದ ಮಾತ್ರೆಯಲ್ಲಿ ದೇಹ ಹೀರಿಕೊಳ್ಳುವುದು ಸಣ್ಣ ಪಾಲು ಮಾತ್ರ. "ತಿಂಗಳಾಯಿತು, ಏನೂ ಆಗಿಲ್ಲ, ಮಾತ್ರೆ ಯಾಕೆ?" ಅನ್ನುವವರು ಇದನ್ನು ತಿಳಿಯಬೇಕು: ಯಕೃತ್ತಿನಲ್ಲಿ ಬಿ-12 ದಾಸ್ತಾನು ಇರುತ್ತದೆ, ಅದು ಖಾಲಿಯಾಗಲು ವರ್ಷಗಳೇ ಹಿಡಿಯಬಹುದು. ಖಾಲಿಯಾದಾಗ ಕೈಕಾಲು ಜುಮುಗುಡುವುದು, ನಾಲಿಗೆ ಉರಿ, ಸುಸ್ತು, ಮರೆವು ಶುರುವಾಗುತ್ತವೆ. ನರಗಳಿಗಾದ ಹಾನಿ ತಡವಾದರೆ ಪೂರ್ತಿ ವಾಸಿಯಾಗದೆಯೂ ಇರಬಹುದು. ಮೊದಲಿನಿಂದ ಹಾಲು ಕಡಿಮೆ ಕುಡಿದವರಿಗೆ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ದಾಸ್ತಾನು ಮೊದಲೇ ಕಡಿಮೆ ಇರಬಹುದು. ಅವರು ಶುರುವಿನಲ್ಲೇ ರಕ್ತದ ಬಿ-12 ಪರೀಕ್ಷೆ ಮಾಡಿಸುವುದು ಲೇಸು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಈ ಬದಲಾವಣೆ ಬೇಡ.

ಔಷಧಿ ಅಂಗಡಿಯಲ್ಲಿ ಮತ್ತೆ ಲೇಬಲ್ ಪ್ರಶ್ನೆ ಬರುತ್ತದೆ. ಬಿ-12 ಎಲ್ಲವೂ ಬ್ಯಾಕ್ಟೀರಿಯಾಗಳಿಂದ ಬಂದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಸುತ್ತಲಿನ ಮೆತ್ತನೆಯ ಹೊಳಪು ಕ್ಯಾಪ್ಸೂಲು ಹೆಚ್ಚಾಗಿ ಜಿಲೆಟಿನ್, ಅಂದರೆ ಪ್ರಾಣಿಯ ಮೂಳೆ-ಚರ್ಮದಿಂದ ತೆಗೆದದ್ದು. ಆಹಾರ ಪೂರಕ ಎಂದು ಮಾರುವ ಡಬ್ಬಿಗೆ ಹಸಿರು-ಕಂದು ಗುರುತು ಇರುತ್ತದೆ. ಔಷಧಿ ಎಂದು ಮಾರುವ ಪಟ್ಟಿಯ ಮೇಲೆ ಚುಕ್ಕೆ ಇರದಿರಬಹುದು, ಅಲ್ಲಿ "ಸಾಫ್ಟ್ ಜಿಲೆಟಿನ್" ಎಂಬ ಪದ ಓದಬೇಕು. ಕ್ಯಾಪ್ಸೂಲಿನ ಬದಲು ಗಟ್ಟಿ ಮಾತ್ರೆ ಕೇಳಿದರೆ ಅರ್ಧ ಸಮಸ್ಯೆ ಮುಗಿಯಿತು. ಮಾತ್ರೆಯಲ್ಲಿ ತುಂಬಲು ಲ್ಯಾಕ್ಟೋಸ್ ಬಳಸಿರಬಹುದು, ಅದನ್ನೂ ನೋಡಬಹುದು. ಡಿ ವಿಟಮಿನ್ ಕೊಳ್ಳುವಾಗ ಡಿ-2 ಗಿಡ-ಶಿಲೀಂಧ್ರ ಮೂಲದ್ದು, ಡಿ-3 ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿನಿಂದ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು: ಬಿಪಿ, ಸಕ್ಕರೆ, ಥೈರಾಯ್ಡ್ ಎಂದು ಡಾಕ್ಟರು ಬರೆದ ಮಾತ್ರೆಯನ್ನು ಅದರಲ್ಲಿ ಲ್ಯಾಕ್ಟೋಸ್ ಅಥವಾ ಜಿಲೆಟಿನ್ ಇದೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ಬದಲಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಮುಂದುವರಿಸಿ.

ಲೇಬಲ್ ಇಲ್ಲದ ಕಡೆ

ಬೇಕರಿ, ಖಾನಾವಳಿ, ಮದುವೆ ಊಟ, ಬಿಡಿ ಮಿಠಾಯಿ ಇವಕ್ಕೆ ಹಿಂಬದಿ ಇಲ್ಲ, ಓದಲು ಏನೂ ಇಲ್ಲ. ಅಲ್ಲಿ ಬಾಯಿ ಬಿಟ್ಟು ಕೇಳುವುದೇ ದಾರಿ. "ಇದು ವೀಗನ್ನಾ?" ಎಂದರೆ ಅರ್ಥವಾಗುವುದಿಲ್ಲ, "ವೆಜ್ಜಾ?" ಎಂದರೆ ಹೌದು ಎನ್ನುತ್ತಾರೆ, ತುಪ್ಪ ಬರುತ್ತದೆ. ಹೆಸರು ಹಿಡಿದು ಕೇಳಿ: "ಅಕ್ಕಾ, ಚಪಾತಿ ಹಿಟ್ಟಿನ್ಯಾಗ ಹಾಲು ಹಾಕೀರೇನ್ರಿ? ಪಲ್ಯಾದಾಗ ಮೊಸರೈತೇನ್ರಿ?" ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಸಾಮಾನ್ಯವಾಗಿ ನಿಶ್ಚಿಂತೆ. ಮಿರ್ಚಿ-ಮಂಡಕ್ಕಿ, ಗಿರ್ಮಿಟ್ಟೂ ಹಾಗೆಯೇ. ಉಪ್ಪಿಟ್ಟು, ದೋಸೆ, ಹೋಳಿಗೆಗೆ ತುಪ್ಪ-ಬೆಣ್ಣೆ ಬಿದ್ದಿರಬಹುದು. ಬೇಕರಿಯ ಕೇಕು, ಖಾರಾ ಬನ್ನಿನಲ್ಲಿ ಹಾಲು, ಬೆಣ್ಣೆ, ಕೆಲವೊಮ್ಮೆ ಮೊಟ್ಟೆಯನ್ನೂ ನಿರೀಕ್ಷಿಸಿ. ಮಿಠಾಯಿಯ ಬೆಳ್ಳಿ ವರ್ಕ್ ತಯಾರಿಕೆಯಲ್ಲಿ ಪ್ರಾಣಿಮೂಲದ ವಸ್ತು ಬಳಸಬಾರದೆಂದು 2016ರಲ್ಲಿ ನಿಯಮ ತಂದಿದ್ದರು, ಆದರೆ ವರ್ಕ್ ಕೆಳಗಿನ ಪೇಡೆ ಹಾಲಿನದ್ದೇ ಅಲ್ಲವೇ.

ಹಸಿರು ಚುಕ್ಕೆ ಇದ್ದೂ "ಕಂಟೇನ್ಸ್" ಸಾಲಿನಲ್ಲಿ ಮೊಟ್ಟೆ ಅಥವಾ ಮೀನು ಎಂದಿದ್ದರೆ, ವೀಗನ್ ಗುರುತು ಇದ್ದೂ ಪಟ್ಟಿಯಲ್ಲಿ ಹಾಲಿನ ಪುಡಿ ಇದ್ದರೆ ಅದು ಫಾರ್ವರ್ಡ್ ಮಾಡುವ ವಿಷಯವಲ್ಲ, ದೂರು ಕೊಡುವ ವಿಷಯ. ಪ್ಯಾಕೆಟ್ಟಿನ ಮುಂದೆ-ಹಿಂದೆ ಫೋಟೊ ತೆಗೆಯಿರಿ, ಬ್ಯಾಚ್ ಸಂಖ್ಯೆ ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ ಕಾಣುವಂತಿರಲಿ, ಬಿಲ್ಲು ಇಟ್ಟುಕೊಳ್ಳಿ. ಪ್ರಾಧಿಕಾರದ ಉಚಿತ ಸಹಾಯವಾಣಿ 1800 112 100.